ಐಸ್‌ಕ್ಯಾಂಡಿ ತಿಂದದ್ದು ಭಾನುವಾರ, ಗಂಟಲು ನೋವು ಸೋಮವಾರ: ಸೋಂಕು ಬಂದದ್ದು ಎಲ್ಲಿಂದ?

2025ರ ಮಾರ್ಚ್ ಕೊನೆಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಐಸ್‌ಕ್ರೀಂ, ಐಸ್‌ಕ್ಯಾಂಡಿ ಮತ್ತು ತಂಪು ಪಾನೀಯ ತಯಾರಿಸುವ ಇನ್ನೂರಕ್ಕೂ ಹೆಚ್ಚು ಘಟಕಗಳ ತಪಾಸಣೆ ನಡೆಸಿದರು. ಸುಮಾರು ನೂರಕ್ಕೆ ನೋಟಿಸ್ ಹೋಯಿತು. ಕೊಳಕು ಜಾಗ, ಅಶುದ್ಧ ನೀರು, ಡಿಟರ್ಜೆಂಟ್ ಮತ್ತು ಯೂರಿಯಾ ಬೆರೆಸಿದ ಕೃತಕ ಹಾಲು ಎಂಬ ವಿವರಗಳು ಪತ್ರಿಕೆಗಳಲ್ಲಿ ಬಂದವು. ಬಿಸಿಲು ಏರುತ್ತಿದ್ದ ಹೊತ್ತು ಅದು. ದೇಹದಲ್ಲಿ ನೀರಿನ ಅಂಶ ಕಡಿಮೆಯಾಗದಂತೆ ನೋಡಿಕೊಳ್ಳಿ ಎಂಬ ಸಲಹೆಯೂ ಜೊತೆಜೊತೆಗೇ ಬರುತ್ತಿತ್ತು. ಇವೆರಡರ ನಡುವೆ, ಬಿಸಿಲಿನಿಂದ ಬಂದವರು ತಣ್ಣೀರು ಮುಟ್ಟಲೇಬಾರದು ಎಂಬ, ಪ್ರತಿ ಬೇಸಿಗೆಯಲ್ಲೂ ಮೊಬೈಲ್‌ನಿಂದ ಮೊಬೈಲ್‌ಗೆ ದಾಟುವ ಸಂದೇಶ. ಕುಡಿಯಬೇಕೋ, ಬಿಡಬೇಕೋ? ತಣ್ಣಗಿರುವುದನ್ನು ಕುಡಿದರೆ ಗಂಟಲು ಕೆಡುತ್ತದೆ ಎಂಬ ಹಳೆಯ ಮಾತಿಗೆ ಸರ್ಕಾರದ ತಪಾಸಣೆಯೇ ಸಾಕ್ಷಿ ಸಿಕ್ಕಂತಾಯಿತು ಎಂದು ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ತಪಾಸಣೆ ನಡೆದದ್ದು ಕೊಳೆಯ ಬಗ್ಗೆ, ತಂಪಿನ ಬಗ್ಗೆ ಅಲ್ಲ.

ಕೊಳೆಯ ಲೆಕ್ಕ ಬೇರೆ, ತಂಪಿನ ಲೆಕ್ಕ ಬೇರೆ

ಅಶುದ್ಧ ನೀರಿನಲ್ಲಿ ಮಾಡಿದ ಮಂಜುಗಡ್ಡೆ ನಿಜಕ್ಕೂ ಅಪಾಯಕಾರಿ. ನೀರನ್ನು ಹೆಪ್ಪುಗಟ್ಟಿಸಿದರೆ ಅದರಲ್ಲಿರುವ ರೋಗಾಣುಗಳೆಲ್ಲ ಸಾಯುತ್ತವೆ ಎಂದು ಕೆಲವರು ನಂಬುತ್ತಾರೆ. ಅದು ತಪ್ಪು. ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್, ವಾಂತಿ-ಭೇದಿಯ ರೋಗಾಣುಗಳು ಮಂಜುಗಡ್ಡೆಯಲ್ಲಿ ಬದುಕಿ ಉಳಿಯಬಲ್ಲವು. ಕರಗಿದಾಗ ನೀರಿನೊಂದಿಗೆ ಹೊಟ್ಟೆ ಸೇರುತ್ತವೆ. ಗಮನಿಸಬೇಕಾದದ್ದು ಇಷ್ಟೇ: ಇವೆಲ್ಲ ಹೊಟ್ಟೆ, ಕರುಳು, ಯಕೃತ್ತಿನ ಕಾಯಿಲೆಗಳು. ಬೀದಿಬದಿಯ ಗೋಲಾದಲ್ಲಿ ಹಾಕಿದ ಮಂಜು ಯಾವ ನೀರಿನದು ಎಂದು ಕೇಳುವುದು ಸರಿಯಾದ ಎಚ್ಚರಿಕೆ. ಆದರೆ ಅದೇ ನೀರನ್ನು ಬಿಸಿ ಮಾಡದೆ, ತಂಪೂ ಮಾಡದೆ ಹಾಗೆಯೇ ಲೋಟಕ್ಕೆ ಬಗ್ಗಿಸಿ ಕುಡಿದರೂ ಅಪಾಯ ಅಷ್ಟೇ ಇರುತ್ತದೆ.

ಅಪರೂಪಕ್ಕೆ ಗಂಟಲಿನ ಸೋಂಕೂ ಆಹಾರದ ಮೂಲಕ ಬಂದದ್ದುಂಟು. ಗಂಟಲಿನಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇಟ್ಟುಕೊಂಡವರು ಬಡಿಸುವ ಮುನ್ನ ಮತ್ತೆ ಬಿಸಿ ಮಾಡದ ಅಡುಗೆಯನ್ನು ಕೈಯಾರೆ ಕಲಸಿದ್ದು, ಅದನ್ನು ತಿಂದವರಿಗೆಲ್ಲ ಒಟ್ಟಿಗೆ ಗಂಟಲು ನೋವು ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಅಲ್ಲಿಯೂ ರೋಗ ತಂದದ್ದು ಅಡುಗೆಯವರ ಗಂಟಲಿನ ರೋಗಾಣು, ತಿನಿಸಿನ ತಂಪಲ್ಲ. ಹಾಗೆಯೇ, ಕೆಲವು ತಂಪು ಪಾನೀಯಗಳಲ್ಲಿ ಫಾಸ್ಫಾರಿಕ್ ಆಮ್ಲ ಸಿಕ್ಕಿತು ಎಂಬ ಸುದ್ದಿಯೂ ಆಗ ಓಡಾಡಿತು. ಕಪ್ಪು ಕೋಲಾ ಬಾಟಲಿಗಳಲ್ಲಿ ಅದು ನಿಗದಿತ ಮಿತಿಯೊಳಗೆ ಅನುಮತಿ ಪಡೆದ ಪದಾರ್ಥ. ಹಲ್ಲಿಗೆ ಒಳ್ಳೆಯದಲ್ಲ ಎನ್ನಬಹುದು, ಗಂಟಲಿಗೆ ಸೋಂಕು ತರುತ್ತದೆ ಎನ್ನಲು ಆಧಾರವಿಲ್ಲ.

ದಿನಗಳನ್ನು ಹಿಂದಕ್ಕೆ ಎಣಿಸಿದರೆ

ಈ ನಂಬಿಕೆಯನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಾಗಿಲ್ಲ, ಕ್ಯಾಲೆಂಡರ್ ಸಾಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬೇಸಿಗೆ ಕಾಲಿಡುವ ಹೊತ್ತಿಗೆ ನಡೆಯುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳು ಮನೆಯವರೊಂದಿಗೆ ಭಾನುವಾರ ಸಂಜೆ ಜಾತ್ರೆಗೆ ಹೋಗಿ, ತೊಟ್ಟಿಲು ಹತ್ತಿ ಇಳಿದು, ಏಳು ಗಂಟೆಯ ಸುಮಾರಿಗೆ ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿ ತಿನ್ನುತ್ತಾಳೆ. ಸೋಮವಾರ ಬೆಳಿಗ್ಗೆ ಎದ್ದಾಗ ಗಂಟಲು ನೋವು, ಉಗುಳು ನುಂಗಿದರೂ ಚುಚ್ಚುತ್ತದೆ. ‘ನಿನ್ನೆಯೇ ಹೇಳಿದ್ದೆ, ಬೇಡ ಅಂತ’ ಎಂದು ಅಜ್ಜಿ ಹೇಳದಿದ್ದರೆ ಅದು ನಮ್ಮ ಕಡೆಯ ಮನೆಯೇ ಅಲ್ಲ.

ಈಗ ಎಣಿಸಿ. ರೋಗಾಣು ದೇಹದೊಳಗೆ ಹೊಕ್ಕ ಕೂಡಲೇ ನೋವು ಹುಟ್ಟುವುದಿಲ್ಲ. ಅದು ಗಂಟಲಿನ ಒಳಪದರದ ಕೋಶಗಳಿಗೆ ಅಂಟಿಕೊಳ್ಳಬೇಕು, ಮರಿ ಹಾಕಿ ಸಂಖ್ಯೆ ಹೆಚ್ಚಿಸಿಕೊಳ್ಳಬೇಕು, ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಗುರುತಿಸಿ ರಕ್ತವನ್ನೂ ಬಿಳಿ ರಕ್ತಕಣಗಳನ್ನೂ ಅಲ್ಲಿಗೆ ಕಳಿಸಬೇಕು. ಊತ, ಕೆಂಪು, ನೋವು ಎಲ್ಲವೂ ಆ ಹೋರಾಟದ ಫಲ. ಇದಕ್ಕೆ ಹಿಡಿಯುವ ಕಾಲ ರೋಗಾಣುವಿಗೆ ತಕ್ಕಂತೆ ಬದಲಾಗುತ್ತದೆ. ನೆಗಡಿ ತರುವ ರೈನೊವೈರಸ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ. ತೀರಾ ಬೇಗ ಎಂದರೆ ಅರ್ಧ ದಿನ. ಫ್ಲೂಗೆ ಒಂದರಿಂದ ನಾಲ್ಕು ದಿನ. ಸ್ಟ್ರೆಪ್ಟೊಕಾಕಸ್‌ಗೆ ಎರಡರಿಂದ ಐದು ದಿನ.

ಹಾಗಾದರೆ ಹುಡುಗಿಯ ಸೋಮವಾರದ ನೋವಿನ ಬೀಜ ಬಿದ್ದದ್ದು ಬಹುಶಃ ಶುಕ್ರವಾರ ಅಥವಾ ಶನಿವಾರ. ಸ್ಟ್ರೆಪ್ಟೊಕಾಕಸ್ ಆಗಿದ್ದರೆ ಬುಧವಾರದಿಂದ ಶನಿವಾರದ ನಡುವೆ. ಶಾಲೆಯಲ್ಲಿ ಪಕ್ಕದ ಬೆಂಚಿನ ಹುಡುಗನ ಕೆಮ್ಮು, ಮೂಗು ಒರೆಸಿಕೊಂಡ ಕೈಯಿಂದ ದಾಟಿದ ಪೆನ್ಸಿಲ್, ಎಲ್ಲರೂ ಬಾಯಿ ತಾಗಿಸಿ ಕುಡಿದ ಒಂದೇ ನೀರಿನ ಬಾಟಲಿ: ತನಿಖೆ ಅಲ್ಲಿಂದ ಶುರುವಾಗಬೇಕು. ಐಸ್‌ಕ್ಯಾಂಡಿ ತಿನ್ನುವ ಹೊತ್ತಿಗೆ ವೈರಸ್ ಆಗಲೇ ಒಳಗೆ ಕೆಲಸ ಶುರುಮಾಡಿತ್ತು.

ಹೀಗೆಂದು ಜಾತ್ರೆ ಪೂರ್ತಿ ನಿರ್ದೋಷಿಯಲ್ಲ. ಅಲ್ಲಿನ ಜನಸಂದಣಿಯಲ್ಲಿ ಸೋಂಕು ತಗುಲಿರಬಹುದು. ಹಾಗೆ ತಗುಲಿದ್ದರೆ ನೋವು ಕಾಣಿಸಿಕೊಳ್ಳುವುದು ಮಂಗಳವಾರ, ಬುಧವಾರದ ಹೊತ್ತಿಗೆ. ಆಗ ಐಸ್‌ಕ್ಯಾಂಡಿ ತಿನ್ನದ ತಮ್ಮನಿಗೂ ಬರುವ ಸಾಧ್ಯತೆ ಅಷ್ಟೇ. ನಮ್ಮಲ್ಲಿ ಐಸ್‌ಕ್ರೀಂ ತಿನ್ನುವುದು ಸಾಮಾನ್ಯವಾಗಿ ಒಬ್ಬೊಬ್ಬರೇ ಕೂತಲ್ಲ. ಮದುವೆಯ ಆರತಕ್ಷತೆ, ಹುಟ್ಟುಹಬ್ಬ, ಜಾತ್ರೆ, ಕಿಟಕಿ ಮುಚ್ಚಿದ ಹವಾನಿಯಂತ್ರಿತ ಮಾಲ್ ಎಂದು ಜನ ಸೇರುವ ಕಡೆಯೇ ಅದೂ ಇರುತ್ತದೆ. ರೋಗ ಹರಡುವುದು ಜನರಿಂದ, ನೆನಪಿನಲ್ಲಿ ಉಳಿಯುವುದು ಐಸ್‌ಕ್ರೀಂ.

ಅನುಭವ ಪೂರ್ತಿ ಸುಳ್ಳೇ?

ಅಲ್ಲ. ತಣ್ಣನೆಯದು ಕುಡಿದ ಮೇಲೆ ಗಂಟಲು ‘ಹಿಡಿದಂತೆ’ ಆಗುತ್ತದೆ ಎನ್ನುವವರು ಕಲ್ಪಿಸಿಕೊಂಡು ಹೇಳುತ್ತಿಲ್ಲ. 1978ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಹದಿನೈದು ಮಂದಿ ಆರೋಗ್ಯವಂತರಿಗೆ ಬಿಸಿನೀರು, ತಣ್ಣೀರು, ಕೋಳಿ ಸೂಪ್ ಕುಡಿಸಿ ಮೂಗಿನ ಲೋಳೆ ಎಷ್ಟು ವೇಗವಾಗಿ ಸರಿಯುತ್ತದೆ ಎಂದು ಅಳೆದಿದ್ದರು. ಬಿಸಿನೀರು ಮತ್ತು ಸೂಪ್ ಕುಡಿದಾಗ ವೇಗ ಹೆಚ್ಚಾಯಿತು. ತಣ್ಣೀರು ಕುಡಿದಾಗ ನಿಮಿಷಕ್ಕೆ ಸುಮಾರು 7 ಮಿಲಿಮೀಟರ್ ಇದ್ದದ್ದು 4.5ಕ್ಕೆ ಇಳಿಯಿತು. ಶುಂಠಿ ಕಷಾಯ, ಮೆಣಸಿನ ಸಾರು ಕುಡಿದಾಗ ಮೂಗು ಸಡಿಲವಾದಂತೆ ಅನ್ನಿಸುವುದಕ್ಕೂ ತಣ್ಣೀರಿಗೆ ಕಫ ಕಟ್ಟಿದಂತೆ ಅನ್ನಿಸುವುದಕ್ಕೂ ಇಲ್ಲಿ ಒಂದು ವಿವರಣೆ ಇದೆ. ತಂಪು ಕಫವನ್ನು ಹೆಚ್ಚಿಸುತ್ತದೆ ಎಂಬ ಆಯುರ್ವೇದದ ಮಾತಿನ ಹಿಂದಿರುವ ಅನುಭವವೂ ಇದೇ ಇರಬಹುದು. ಅರ್ಧ ಗಂಟೆಯ ಹೊತ್ತಿಗೆ ಬಿಸಿನೀರು, ಸೂಪ್‌ನ ಪರಿಣಾಮ ಇಳಿದಿತ್ತು, ತಣ್ಣೀರಿನದು ಆಗಲೂ ಉಳಿದಿತ್ತು. ಆದರೂ ಲೋಳೆ ಸ್ವಲ್ಪ ಹೊತ್ತು ನಿಧಾನವಾಗುವುದು ಒಂದು, ಸೋಂಕು ಹತ್ತುವುದು ಇನ್ನೊಂದು.

ಆಸ್ತಮಾ ಇರುವವರ ಮಾತು ಬೇರೆ. ಅವರಲ್ಲಿ ಕೆಲವರಿಗೆ ಐಸ್ ಹಾಕಿದ ಪಾನೀಯ ಕುಡಿದರೆ ಶ್ವಾಸನಾಳ ಬಿಗಿದು ಕೆಮ್ಮು ಬರುತ್ತದೆ. ಅಂಥವರು ತಂಪು ಬಿಡುವುದು ಸರಿಯೇ.

ಇನ್ನೊಂದು ಕಾರಣವನ್ನು ಯಾರೂ ಅನುಮಾನಿಸುವುದಿಲ್ಲ. ಆರತಕ್ಷತೆಯಲ್ಲಿ ರಾತ್ರಿ ಹತ್ತೂವರೆಗೆ ಎಣ್ಣೆ ಹೆಚ್ಚಿರುವ ಊಟ, ಮೇಲೆ ಐಸ್‌ಕ್ರೀಂ, ಸೋಡಾ. ಮನೆಗೆ ಬಂದು ನೇರ ಹಾಸಿಗೆಗೆ. ಮಲಗಿದಾಗ ಹೊಟ್ಟೆಯ ಆಮ್ಲ ಅನ್ನನಾಳದಲ್ಲಿ ಮೇಲೇರಿ ಗಂಟಲನ್ನು ಸುಡುತ್ತದೆ. ಬೆಳಿಗ್ಗೆ ಧ್ವನಿ ಒಡೆದಿರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಇರುತ್ತದೆ, ಬಾಯಿ ಹುಳಿಹುಳಿ. ಜ್ವರ ಇರುವುದಿಲ್ಲ. ಇದು ಸೋಂಕಲ್ಲ, ಆಮ್ಲದ ಉರಿ. ಅದಕ್ಕೆ ಐಸ್‌ಕ್ರೀಂನ ತಂಪಿಗಿಂತ ಊಟದ ಹೊತ್ತೇ ಹೆಚ್ಚು ಹೊಣೆ. ಹವಾನಿಯಂತ್ರಣದ ಒಣ ಗಾಳಿಯಲ್ಲಿ ಬಾಯಿ ತೆರೆದು ಮಲಗಿದರೂ ಬೆಳಿಗ್ಗೆ ಗಂಟಲು ಒಣಗಿ ಕೆರೆಯುತ್ತದೆ, ಒಂದೆರಡು ಲೋಟ ನೀರು ಕುಡಿದರೆ ಹೋಗುತ್ತದೆ.

ಚಳಿಗೆ ಮನುಷ್ಯರನ್ನು ಒಡ್ಡಿ ನೋಡಿದ ಪ್ರಯೋಗಗಳು

ತಂಪು ತಾನಾಗಿಯೇ ಸೋಂಕು ತರುವುದಿಲ್ಲ, ಒಪ್ಪೋಣ. ಆದರೆ ದೇಹದ ತಡೆಯುವ ಶಕ್ತಿಯನ್ನು ತಗ್ಗಿಸಿ ರೋಗಾಣುವಿಗೆ ದಾರಿ ಮಾಡಿಕೊಡಬಹುದಲ್ಲವೇ? ತಣ್ಣನೆಯದು ಬೇಡ ಎನ್ನುವ ವೈದ್ಯರು ಮುಂದಿಡುವ ವಾದ ಇದು. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಂಗ್ಲೆಂಡಿನ ಸಾಲ್ಸ್‌ಬರಿ ಬಳಿ ನೆಗಡಿಯನ್ನು ಅಧ್ಯಯನ ಮಾಡಲೆಂದೇ ಒಂದು ಕೇಂದ್ರ ಆರಂಭವಾಯಿತು. ಸ್ವಯಂಸೇವಕರು ಬಂದು ದಿನಗಟ್ಟಲೆ ಅಲ್ಲಿ ಇರುತ್ತಿದ್ದರು, ಮೂಗಿಗೆ ವೈರಸ್ ಹನಿ ಹಾಕಿಸಿಕೊಳ್ಳುತ್ತಿದ್ದರು. ಕ್ರಿಸ್ಟೋಫರ್ ಆಂಡ್ರ್ಯೂಸ್ ಎಂಬ ವಿಜ್ಞಾನಿ ಅಲ್ಲಿ ಚಳಿಯ ಪರೀಕ್ಷೆ ನಡೆಸಿದರು. ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಒದ್ದೆ ಕಾಲುಚೀಲ ಹಾಕಿಕೊಂಡೇ ಇರುವಂತೆ ಹೇಳಿದರು. ಒಂದು ಗುಂಪಿಗೆ ಬರೀ ಚಳಿ, ಒಂದಕ್ಕೆ ಬರೀ ವೈರಸ್, ಇನ್ನೊಂದಕ್ಕೆ ಎರಡೂ. ಬರೀ ಚಳಿಗೆ ಒಡ್ಡಿದವರಿಗೆ ನೆಗಡಿ ಬರಲಿಲ್ಲ. ಎರಡೂ ಸೇರಿದ ಗುಂಪಿನಲ್ಲಿ ಮೊದಲ ಸಲ ಹೆಚ್ಚು ಜನರಿಗೆ ಬಂದಂತೆ ಕಂಡಿತು; ಪ್ರಯೋಗವನ್ನು ಮತ್ತೆ ಮಾಡಿದಾಗ ಆ ವ್ಯತ್ಯಾಸ ನಿಲ್ಲಲಿಲ್ಲ.

2005ರಲ್ಲಿ ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಫಲಿತಾಂಶ ಇದಕ್ಕೆ ಎದುರಾಗಿ ನಿಲ್ಲುತ್ತದೆ. ತೊಂಬತ್ತು ಜನರ ಕಾಲುಗಳನ್ನು 10 ಡಿಗ್ರಿಯ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಇರಿಸಿದರು. ಇನ್ನು ತೊಂಬತ್ತು ಜನ ಖಾಲಿ ತೊಟ್ಟಿಯಲ್ಲಿ ಕಾಲಿಟ್ಟು ಕೂತರು. ಮುಂದಿನ ನಾಲ್ಕೈದು ದಿನಗಳಲ್ಲಿ ತಣ್ಣೀರಿನ ಗುಂಪಿನ 13 ಜನ, ಖಾಲಿ ತೊಟ್ಟಿಯ ಗುಂಪಿನ 5 ಜನ ತಮಗೆ ನೆಗಡಿಯಾಗಿದೆ ಎಂದರು. ಕಾಲು ತಣ್ಣಗಾದಾಗ ಮೂಗಿನ ರಕ್ತನಾಳಗಳು ಕುಗ್ಗಿ, ಅಲ್ಲಿ ಮೊದಲೇ ಸದ್ದಿಲ್ಲದೆ ಇದ್ದ ವೈರಸ್ ತಲೆಯೆತ್ತುತ್ತದೆ ಎಂಬುದು ಸಂಶೋಧಕರ ಊಹೆ. ಆದರೆ ಆ ಜನರಲ್ಲಿ ವೈರಸ್ ಇತ್ತೇ ಎಂದು ಪರೀಕ್ಷಿಸಿರಲಿಲ್ಲ. ಲೆಕ್ಕಕ್ಕೆ ಬಂದದ್ದು ಅವರೇ ಹೇಳಿಕೊಂಡ ಲಕ್ಷಣಗಳು. ಕಾಲು ತಣ್ಣೀರಿನಲ್ಲಿಟ್ಟವರಿಗೆ ತಮ್ಮ ಕಾಲು ಎಲ್ಲಿತ್ತು ಎಂಬುದೂ ಗೊತ್ತಿತ್ತು.

2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಎಳೆ ಸೇರಿಸಿದರು. ರೈನೊವೈರಸ್ 37 ಡಿಗ್ರಿಗಿಂತ 33 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ಆ ತಂಪಿನಲ್ಲಿ ಇಲಿಯ ಶ್ವಾಸನಾಳದ ಕೋಶಗಳ ಪ್ರತಿರೋಧವೂ ಮಂದವಾಗುತ್ತದೆ ಎಂದು ತೋರಿಸಿದರು. ತಂಪಿಗೂ ಗಂಟಲಿಗೂ ಸಂಬಂಧ ಸಾಬೀತಾಯಿತು ಎಂಬಂತೆ ಈ ಸುದ್ದಿಯನ್ನು ಹಂಚುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ: 33 ಡಿಗ್ರಿ ಎಂಬುದು ನಮ್ಮ ಮೂಗಿನ ಒಳಗಿನ ಸಾಮಾನ್ಯ ಉಷ್ಣತೆ. ಉಸಿರಾಟದ ಗಾಳಿ ದಿನವಿಡೀ, ಸಾವಿರಾರು ಸಲ ಹಾದುಹೋಗುವುದರಿಂದ ಮೂಗು ಸದಾ ಸ್ವಲ್ಪ ತಂಪಾಗಿಯೇ ಇರುತ್ತದೆ. ಗುಟುಕು ಜ್ಯೂಸ್ ಗಂಟಲನ್ನು ಮುಟ್ಟುವುದು ಕ್ಷಣ ಮಾತ್ರ; ಐಸ್‌ಕ್ರೀಂ ಬಾಯಲ್ಲೇ ಕರಗಿ ಬೆಚ್ಚಗಾಗಿ ಇಳಿಯುತ್ತದೆ; ಗಂಟಲಿನ ಪದರದಲ್ಲಿ ರಕ್ತ ಧಾರಾಳವಾಗಿ ಹರಿಯುವುದರಿಂದ ಕಳೆದ ಶಾಖ ಬೇಗ ಮರಳುತ್ತದೆ.

ಈ ಮೂರರಲ್ಲಿ ಯಾವುದೂ ತಂಪು ಪಾನೀಯ ಕುಡಿಸಿ ಮಾಡಿದ ಪರೀಕ್ಷೆಯಲ್ಲ ಎಂಬುದು ನಿಜ. ಆದರೆ ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಲ್ಲಿಸಿದರೂ ಸ್ಪಷ್ಟವಾಗಿ ಕಾಣದ ಪರಿಣಾಮವನ್ನು ಒಂದು ಲೋಟ ಕಬ್ಬಿನ ಹಾಲಿನ ಮೇಲೆ ಹೊರಿಸಬೇಕಾದರೆ ಇನ್ನೂ ಗಟ್ಟಿ ಪುರಾವೆ ಬೇಕು. ದೇಹವಿಡೀ ಚಳಿಗೆ ಸಿಕ್ಕಾಗ ಮೊದಲೇ ಒಳಗಿದ್ದ ವೈರಸ್‌ಗೆ ತುಸು ಅನುಕೂಲ ಆಗಬಹುದು ಎನ್ನುವವರೆಗೆ ಹೋಗಬಹುದು. ವೈರಸ್ ಇಲ್ಲದ ಗಂಟಲಿನಲ್ಲಿ ತಂಪು ಸೋಂಕು ಹುಟ್ಟಿಸದು.

ನಿಜಕ್ಕೂ ಹೆದರಬೇಕಾದ ಗಂಟಲು ನೋವು

ಗಂಟಲು ನೋವುಗಳಲ್ಲಿ ಬಹುಪಾಲು ವೈರಸ್‌ನಿಂದ ಬರುತ್ತವೆ, ವಾರದೊಳಗೆ ತಾವಾಗಿಯೇ ಹೋಗುತ್ತವೆ. ಮಕ್ಕಳ ಗಂಟಲು ನೋವುಗಳಲ್ಲಿ ನೂರಕ್ಕೆ 20ರಿಂದ 30, ದೊಡ್ಡವರಲ್ಲಿ 5ರಿಂದ 15 ಮಾತ್ರ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬಂದವು ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂದಾಜು.

ಈ ಸಣ್ಣ ಪಾಲಿನಲ್ಲೇ ಅಪಾಯ ಇರುವುದು. ಚಿಕಿತ್ಸೆ ಸಿಗದ ಸ್ಟ್ರೆಪ್ಟೊಕಾಕಸ್ ಗಂಟಲು ನೋವು ತಾನಾಗಿ ಇಳಿದರೂ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ನಂತರ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ತನ್ನದೇ ಕೀಲು, ಹೃದಯದ ಮೇಲೆ ತಿರುಗಿಬೀಳುತ್ತದೆ. ಇದು ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದವರಲ್ಲಿ ಹೆಚ್ಚು. ಮತ್ತೆ ಮತ್ತೆ ಬಂದರೆ ಹೃದಯದ ಕವಾಟಗಳು ದಪ್ಪಗಾಗಿ, ಕಿರಿದಾಗಿ ಅಥವಾ ಸೋರತೊಡಗಿ, ಮುಂದೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಶ್ರೀಮಂತ ದೇಶಗಳಲ್ಲಿ ಬಹುತೇಕ ಮರೆಯಾದ ಈ ಕಾಯಿಲೆ ಭಾರತದಲ್ಲಿ ಇನ್ನೂ ಇದೆ.

ವೈರಸ್‌ನ ಗಂಟಲು ನೋವನ್ನೂ ಸ್ಟ್ರೆಪ್ಟೊಕಾಕಸ್‌ನದನ್ನೂ ಬೇರ್ಪಡಿಸಲು ವೈದ್ಯರು ಬಳಸುವ ಅಂಕಪಟ್ಟಿಯೊಂದಿದೆ. ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ 1981ರಲ್ಲಿ ರೂಪಿಸಿದ್ದು. ಮುಂದೆ ಅದಕ್ಕೆ ವಯಸ್ಸಿನ ಅಂಕವನ್ನೂ ಸೇರಿಸಿದರು. ಜಾತ್ರೆಯ ಹುಡುಗಿಗೆ ಇದನ್ನು ಅನ್ವಯಿಸಿ ನೋಡೋಣ. ಜ್ವರ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ್ದರೆ ಒಂದು ಅಂಕ. ಕೆಮ್ಮು ಇಲ್ಲದಿದ್ದರೆ ಒಂದು. ಇಲ್ಲದಿರುವುದಕ್ಕೆ ಅಂಕ ಎಂಬುದೇ ಇದರ ಜಾಣತನ, ಏಕೆಂದರೆ ಕೆಮ್ಮು, ಸುರಿಯುವ ಮೂಗು, ಒಡೆದ ಧ್ವನಿ ಎಲ್ಲ ವೈರಸ್‌ನ ಕಡೆಗೆ ಬೆರಳು ತೋರಿಸುತ್ತವೆ. ಕತ್ತಿನ ಮುಂಭಾಗದಲ್ಲಿ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟುಗಳಿದ್ದರೆ ಒಂದು. ಟಾನ್ಸಿಲ್ ಊದಿದ್ದರೆ ಅಥವಾ ಅದರ ಮೇಲೆ ಬಿಳಿ ಕಲೆಗಳಿದ್ದರೆ ಒಂದು. ಮೂರರಿಂದ ಹದಿನಾಲ್ಕು ವರ್ಷದೊಳಗಿನವರಿಗೆ ಇನ್ನೊಂದು. ಹುಡುಗಿಗೆ ಐದಕ್ಕೆ ಐದೂ ಬಂದರೂ ಅದು ಸ್ಟ್ರೆಪ್ಟೊಕಾಕಸ್ ಆಗಿರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ. ಅವಳ ತಮ್ಮನಿಗೆ ಮೂಗು ಸುರಿದು, ಕೆಮ್ಮು ಇದ್ದು, ಜ್ವರವಿಲ್ಲದಿದ್ದರೆ ಸಾಧ್ಯತೆ ತೀರಾ ಕಡಿಮೆ. ಹೆಚ್ಚು ಅಂಕ ಬಂದವರ ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರೆ ಒಂದೆರಡು ದಿನದಲ್ಲಿ ಉತ್ತರ ಸಿಗುತ್ತದೆ. ಅಷ್ಟು ಕಾಯುವುದರಿಂದ ನಷ್ಟವಿಲ್ಲ. ನೋವು ಶುರುವಾದ ಒಂಬತ್ತು ದಿನಗಳೊಳಗೆ ಔಷಧ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು.

ಅಂಕಪಟ್ಟಿಗೆ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಉಸಿರಾಡಲು ಕಷ್ಟ, ತನ್ನ ಉಗುಳನ್ನೇ ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಅಥವಾ ಗಂಟಲಿನಲ್ಲಿ ಬೂದುಬಣ್ಣದ ಪೊರೆ. ಕೊನೆಯದು ಗಂಟಲಮಾರಿಯ ಗುರುತು. ಲಸಿಕೆ ತಪ್ಪಿಸಿಕೊಂಡ ಮಕ್ಕಳಲ್ಲಿ ಅದು ಈಗಲೂ ಬರುತ್ತದೆ.

ತಪ್ಪು ಕಾರಣ ಹಿಡಿದುಕೊಂಡರೆ

ತಂಪು ಬಿಟ್ಟರೆ ಕಳೆದುಕೊಳ್ಳುವುದೇನು ಎಂದು ಕೇಳಬಹುದು. ಬಿಟ್ಟದ್ದರಿಂದ ನಷ್ಟವಿಲ್ಲ, ಅದನ್ನೇ ಕಾರಣವೆಂದು ನಂಬಿದ್ದರಿಂದ ಇದೆ. ‘ಐಸ್‌ಕ್ಯಾಂಡಿ ತಿಂದದ್ದಕ್ಕೆ ಅಷ್ಟೇ’ ಎಂದುಕೊಂಡ ಮನೆಯವರು ಮಗುವನ್ನು ಮಂಗಳವಾರ ಶಾಲೆಗೆ ಕಳಿಸುತ್ತಾರೆ. ಅಲ್ಲಿ ಅದೇ ಬೆಂಚು, ಅದೇ ಬಾಟಲಿ. ಮನೆಯಲ್ಲಿ ಲೋಟ, ಟವೆಲ್ ಬೇರೆ ಮಾಡಬೇಕೆಂದು ಹೊಳೆಯುವುದಿಲ್ಲ, ಏಕೆಂದರೆ ಐಸ್‌ಕ್ಯಾಂಡಿ ಅಂಟುರೋಗವಲ್ಲ. ಮೂರನೆಯ ದಿನ ಗಂಟು ಕಟ್ಟಿ, ಜ್ವರ ಏರಿದರೂ ‘ಥಂಡಿ ಹಿಡಿದಿದೆ’ ಎಂಬ ಮಾತಿನಲ್ಲೇ ಉಳಿದು, ಸ್ಟ್ರೆಪ್ಟೊಕಾಕಸ್ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ: ಗಂಟಲು ಕೆರೆದ ಕೂಡಲೇ ಔಷಧ ಅಂಗಡಿಗೆ ಹೋಗಿ ಮೂರು ದಿನದ ಅಜಿಥ್ರೊಮೈಸಿನ್ ತರುವುದು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂ ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘ, ಕೆಮ್ಮು, ಜ್ವರ, ಗಂಟಲು ನೋವಿಗೆ ಹೀಗೆ ಆಂಟಿಬಯಾಟಿಕ್ ನುಂಗಬೇಡಿ ಎಂದು ಹೇಳಬೇಕಾಗಿ ಬಂತು. ಅಜಿಥ್ರೊಮೈಸಿನ್ ಹೆಸರನ್ನೂ ಎತ್ತಿತು. ವೈರಸ್ ಮೇಲೆ ಆ ಮಾತ್ರೆ ಕೆಲಸ ಮಾಡುವುದಿಲ್ಲ. ಮೂರನೆಯ ದಿನಕ್ಕೆ ನೋವು ಇಳಿಯುತ್ತದೆ, ಅದು ಹೇಗೂ ಇಳಿಯುತ್ತಿತ್ತು; ಹೆಸರು ಮಾತ್ರೆಗೆ ಹೋಗುತ್ತದೆ. ನಿಜವಾಗಿಯೂ ಸ್ಟ್ರೆಪ್ಟೊಕಾಕಸ್ ಆಗಿದ್ದರೆ ಮೊದಲ ಆಯ್ಕೆ ಹಳೆಯ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಸಾಮಾನ್ಯವಾಗಿ ಪೂರ್ತಿ ಹತ್ತು ದಿನ. ಈ ಬ್ಯಾಕ್ಟೀರಿಯಾ ಇಷ್ಟು ವರ್ಷಗಳಾದರೂ ಪೆನಿಸಿಲಿನ್‌ಗೆ ಬಗ್ಗುತ್ತದೆ, ಅಜಿಥ್ರೊಮೈಸಿನ್ ಗುಂಪಿನ ಔಷಧಗಳಿಗೆ ಬಗ್ಗದ ತಳಿಗಳು ಆಗಲೇ ಇವೆ. ನೋವು ಹೋಯಿತೆಂದು ನಾಲ್ಕನೇ ದಿನಕ್ಕೆ ಮಾತ್ರೆ ನಿಲ್ಲಿಸಿದರೆ ಗಂಟಲಿನಲ್ಲಿ ಬ್ಯಾಕ್ಟೀರಿಯಾ ಉಳಿದುಕೊಳ್ಳಬಹುದು.

ಇನ್ನು ಗಂಟಲು ನೋಯುತ್ತಿರುವಾಗ ತಣ್ಣನೆಯದು ಕೊಡಬಹುದೇ? ಕೊಡಬಹುದು. ತಂಪು ನೋವಿನ ನರಗಳನ್ನು ತಾತ್ಕಾಲಿಕವಾಗಿ ಮಂದ ಮಾಡುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಗಂಟಲು ನೋವಿಗೆ ಮಂಜುಗಡ್ಡೆಯ ತುಣುಕು, ಐಸ್‌ಕ್ಯಾಂಡಿ ಚೀಪಲು ಹೇಳುತ್ತದೆ; ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಸಣ್ಣ ಗಟ್ಟಿ ತುಣುಕು ಬೇಡ, ಗಂಟಲಲ್ಲಿ ಸಿಕ್ಕೀತು ಎಂಬ ಎಚ್ಚರಿಕೆಯೊಂದಿಗೆ. ಬಿಸಿ ಕಷಾಯ, ಉಪ್ಪುನೀರಿನ ಮುಕ್ಕಳಿಕೆ ಹಿತವೆನಿಸುವವರಿಗೆ ಅದೂ ಸರಿ. ನೋವಿಗೆ ಹೆದರಿ ಏನನ್ನೂ ನುಂಗದೆ ಹಟ ಹಿಡಿದ ಮಗುವಿನ ವಿಷಯದಲ್ಲಿ ಬಿಸಿಯೋ ತಂಪೋ ಎಂಬುದಕ್ಕಿಂತ ಹೊಟ್ಟೆಗೆ ನೀರು ಹೋಗುತ್ತಿದೆಯೇ ಎಂಬುದು ಮುಖ್ಯ. ಬೆಳಿಗ್ಗೆಯಿಂದ ಮೂತ್ರ ಸರಿಯಾಗಿ ಹೋಗಿಲ್ಲ, ತುಟಿ ಒಣಗಿದೆ ಎಂದಾಗ, ಕುದಿಸಿ ಆರಿಸಿದ ನೀರಿನಲ್ಲಿ ಮನೆಯಲ್ಲೇ ಮಾಡಿದ ಕಿತ್ತಳೆ ರಸದ ಐಸ್‌ಕ್ಯಾಂಡಿಯನ್ನು ಆ ಮಗು ಒಪ್ಪಿಕೊಂಡರೆ ಕೊಡಲು ಅಡ್ಡಿಯೇನೂ ಇಲ್ಲ.